ಕೋರ್ಸ್‌ಗೆ ಮೂರು ಬೆಲೆ ಇಟ್ಟವರು ಅನುಭವ ಹೇಳಿ

ಬ್ಲೌಸ್, ಚೂಡಿದಾರ್, ಫ್ರಾಕ್ ಕಟಿಂಗ್ ಕಲಿಸುವ ವಿಡಿಯೊ ಕೋರ್ಸ್ ಮಾಡಿದ್ದೇನೆ. ಕಾಂಬೊ ಬೆಲೆ ಆಕರ್ಷಕವಾಗಿ ಕಾಣಬೇಕು, ಆದರೆ ತಗೊಂಡವರಿಗೆ ಮೋಸ ಹೋದೆ ಅನ್ನಿಸಬಾರದು. ಮಾಡಿದವರು ಹೇಳಿ.

ಟ್ಯಾಲಿ ಮೇಷ್ಟ್ರು, ಹುಬ್ಬಳ್ಳಿ: ನನ್ನದು ಟ್ಯಾಲಿ 1,499, ಜಿಎಸ್‌ಟಿ ಫೈಲಿಂಗ್ 1,499, ಎಕ್ಸೆಲ್ 999. ಒಟ್ಟು 3,997. ಕಾಂಬೊ 2,999. ಮೊದಲ ಎರಡು ಬೇಕಾದವರಿಗೇ 2,998 ಆಗುತ್ತೆ, ಇನ್ನೊಂದು ರೂಪಾಯಿ ಹಾಕಿದರೆ ಎಕ್ಸೆಲ್ ಬರುತ್ತೆ. ಹಾಗಾಗಿ ಕಾಂಬೊ ತಾನಾಗಿ ಹೋಗುತ್ತೆ. ಆದರೆ ಅಡ್ಡಗೆರೆ ಎಳೆದ 3,997 ಸುಳ್ಳಾಗಬಾರದು. ಮೂರಕ್ಕೂ ಬಿಡಿಯಾಗಿ ಕೊಳ್ಳುವ ಬಟನ್ ಇದೆ, ಬಿಡಿಯಾಗಿ ಕೊಂಡವರೂ ಇದ್ದಾರೆ. ಟ್ಯಾಲಿ ಒಂದೇ ಸಾಕು ಅನ್ನುವವರಿಗೆ 998 ಉಳಿತಾಯ ಉಳಿತಾಯವೇ ಅಲ್ಲ, ಖರ್ಚು ಎರಡರಷ್ಟು. ಅದನ್ನು ಪೇಜಿನಲ್ಲೇ ಬರೆದಿದ್ದೇನೆ.

ಸಂಗೀತ ಟೀಚರ್, ಮೈಸೂರು: ನಾನು ಕಾಂಬೊ ಮಾಡಲ್ಲ, ಮೂರು ಹಂತ. ವಿಡಿಯೊ ಮಾತ್ರ 1,999, ವಾರಕ್ಕೊಂದು ಲೈವ್ ಸೇರಿ 3,999, ಒಬ್ಬೊಬ್ಬರಿಗೆ ಪಾಠ 14,999. ಮೇಲಿನದನ್ನು ಯಾರೂ ಕೊಳ್ಳದಿದ್ದರೂ ಪರವಾಗಿಲ್ಲ, ಅದು ಪಕ್ಕದಲ್ಲಿದ್ದರೆ ಮಧ್ಯದ್ದು ಕಡಿಮೆ ಅನ್ನಿಸುತ್ತೆ. ಎಲ್ಲರೂ ಹೀಗೇ ಮಾಡೋದು.

ಟ್ಯಾಲಿ ಮೇಷ್ಟ್ರು: ಅರ್ಧ ಸರಿ ಮೇಡಂ. ಮೇಲಿನ ಹಂತಕ್ಕೆ ನಾಳೆ ನಾಲ್ಕು ಜನ ದುಡ್ಡು ಕಟ್ಟಿದರೆ ಪಾಠ ಮಾಡೋಕೆ ನಿಮಗೆ ಸಮಯ ಇದೆಯಾ? ಇದ್ದರೆ ಅದು ಬೆಲೆ. ಇಲ್ಲದಿದ್ದರೆ ಸುಮ್ನೆ ತೋರಿಕೆ. ಮಧ್ಯದ ಹಂತಕ್ಕೂ ಅಷ್ಟೇ. ಲೈವ್‌ನಲ್ಲಿ ಜನ ಜಾಸ್ತಿಯಾಗಿ ಒಬ್ಬರ ಪ್ರಶ್ನೆಗೂ ಸರದಿ ಬರದಿದ್ದರೆ ಅವರು ಕೊಂಡಿದ್ದು ಬರೀ ವಿಡಿಯೊ.

ಸಂಗೀತ ಟೀಚರ್: ನನ್ನ ಸಮಯದ ಲೆಕ್ಕ ನಿಮಗೆ ಯಾಕೆ? ಕೇಳಿದವರಿಗೆ ಉತ್ತರ ಕೊಡಿ.

ದುಡ್ಡು ಕಟ್ಟಿದವಳು, ತುಮಕೂರು: ನೀವೆಲ್ಲ ಮಾರುವವರು, ನಾನು ಕೊಂಡವಳು. ಪೇಜಿನಲ್ಲಿ 999 ಅಂತಿತ್ತು. ಕಟ್ಟುವ ಹೊತ್ತಿಗೆ ಜಿಎಸ್‌ಟಿ ಸೇರಿ 1,179. ಅದರ ಮೇಲೆ ಸರ್ಟಿಫಿಕೇಟ್ ಅಂತ ಮೊದಲೇ ಟಿಕ್ ಮಾಡಿಟ್ಟಿದ್ದ 250. ಒಟ್ಟು 1,429! 'ಇನ್ನು 10 ನಿಮಿಷ ಮಾತ್ರ' ಅನ್ನುವ ಗಡಿಯಾರ ಬೇರೆ, ಪೇಜ್ ರಿಫ್ರೆಶ್ ಮಾಡಿದರೆ ಮತ್ತೆ 10ರಿಂದ ಶುರು. ಬೆಲೆಯನ್ನು ಕೊನೆಗೆ ಏರಿಸೋದು, ಕೇಳದೆ ಬುಟ್ಟಿಗೆ ಹಾಕೋದು, ಸುಳ್ಳು ಅವಸರ ಹುಟ್ಟಿಸೋದು, ಈ ಮೂರನ್ನೂ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ಮಾರ್ಗಸೂಚಿಯಲ್ಲಿ ಡಾರ್ಕ್ ಪ್ಯಾಟರ್ನ್, ಅಂದರೆ ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರಗಳ ಪಟ್ಟಿಗೆ ಸೇರಿಸಿದೆ.

ಯೋಗ ಕ್ಲಾಸ್, ಶಿವಮೊಗ್ಗ: ಜಿಎಸ್‌ಟಿ ಮಾರುವವರ ತಪ್ಪಾ? ಸರ್ಕಾರವನ್ನು ಕೇಳಿ.

ಟ್ಯಾಲಿ ಮೇಷ್ಟ್ರು: ತೆರಿಗೆ ತಪ್ಪಲ್ಲ, ಬಚ್ಚಿಡೋದು ತಪ್ಪು. ತೆರಿಗೆ ಸೇರಿಸಿಯೇ 2,999 ಅಂತ ಬರೆದರೆ 18 ಪರ್ಸೆಂಟ್ ಲೆಕ್ಕದಲ್ಲಿ 457 ತೆರಿಗೆಗೆ ಹೋಗಿ 2,542 ನಿಮಗೆ. ಬೆಲೆ ಇಡುವ ಮೊದಲೇ ಈ ಲೆಕ್ಕ ಮಾಡಿ. ಇನ್ನು ನೋಂದಣಿ ಇಲ್ಲದವರು ಜಿಎಸ್‌ಟಿ ಹೆಸರಲ್ಲಿ ದುಡ್ಡು ತಗೊಳ್ಳೋ ಹಾಗೇ ಇಲ್ಲ.

ಯೋಗ ಕ್ಲಾಸ್: ನನ್ನದು ವರ್ಷಕ್ಕೆ 20 ಲಕ್ಷ ದಾಟಿಲ್ಲ, ನೋಂದಣಿಯೂ ಇಲ್ಲ, ನಾನು ತಗೊಂಡೂ ಇಲ್ಲ. ನನಗೆ ಯಾಕೆ ಪಾಠ? ನನ್ನ ಗೋಳು ರಿಫಂಡ್. ಕಾಂಬೊದಲ್ಲಿ ಒಂದು ಕೋರ್ಸ್ ಪೂರ್ತಿ ನೋಡಿ, ಉಳಿದೆರಡು ಬೇಡ, ದುಡ್ಡು ಕೊಡಿ ಅಂತಾರೆ. ಎಷ್ಟು ಕೊಡೋದು?

ಟ್ಯಾಲಿ ಮೇಷ್ಟ್ರು: ನೋಡಿದ್ದರ ಬಿಡಿ ಬೆಲೆ ಕಳೆದು ಉಳಿದಿದ್ದು ಕೊಡ್ತೀನಿ. 2,999ರಲ್ಲಿ 1,499 ಹೋಗಿ 1,500 ವಾಪಸ್. ಕೊಳ್ಳುವ ಮೊದಲೇ ಇದು ಅವರ ಕಣ್ಣಿಗೆ ಬಿದ್ದಿರಬೇಕು.

ದುಡ್ಡು ಕಟ್ಟಿದವಳು: ಕಳೆಯುವಾಗ ಮಾತ್ರ ಪೂರ್ತಿ ಬೆಲೆ, ರಿಯಾಯಿತಿ ಎಲ್ಲಿ ಹೋಯ್ತು? ನಾನು ಒಪ್ಪಲ್ಲ.