ಪದಚರ್ಚೆ: ಎತ್ತಿನ ಬೆನ್ನ ಮೇಲಿನದು ಹಿಣಿಲೋ, ಡುಬ್ಬವೋ, ಭುಜವೋ?

ಗೆಳೆಯರೇ,

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ತೆಗೆದ ಒಂದು ಜೋಡಿ ಎತ್ತಿನ ಫೋಟೋ ಲಗತ್ತಿಸಿದ್ದೇನೆ. ಅದರ ಕೆಳಗೆ ನಾಲ್ಕು ಸಾಲು ಬರೆಯಬೇಕು. ಹೆಗಲ ಹಿಂದಿನ ಉಬ್ಬಿಗೆ ನಮ್ಮ ಕಡೆ ಡುಬ್ಬ ಅಂತೀವಿ, ಕೆಲವರು ಭುಜ ಅಂತಾರೆ, ನಿಘಂಟಿನಲ್ಲಿ ಹಿಣಿಲು ಅಂತಿದೆ. ಯಾವುದು ಸರಿ? ಇನ್ನೊಂದು ಪ್ರಶ್ನೆ. ಎರಡೂ ಬೂದು ಬಣ್ಣ, ಉದ್ದ ಕೊಂಬು. ಹಳ್ಳಿಕಾರ್ ಅಂತ ಧೈರ್ಯವಾಗಿ ಬರೆಯಬಹುದಾ? ಎಡಗಡೆಯದು ಪಕ್ಕದಿಂದ ಕಾಣುತ್ತದೆ, ಬಲಗಡೆಯದು ನೇರ ನಮ್ಮನ್ನೇ ನೋಡುತ್ತಿದೆ.
ಶಾಲಿನಿ

ಶಾಲಿನಿಯವರೇ, ಡುಬ್ಬ ಸಾಕು. ಒಂಟೆಗೂ ಅದೇ ಪದ ತಾನೇ. ತಳಿಯ ವಿಷಯದಲ್ಲಿ ಅನುಮಾನವೇ ಬೇಡ. ಬೂದು ಮೈ, ಉದ್ದ ಕೊಂಬು ಇದ್ದರೆ ಹಳ್ಳಿಕಾರ್.
ರಘು

ರಘು ಅವರೇ, ಕೊಂಬಿನ ಮಾತು ಅರ್ಧ ಒಪ್ಪುತ್ತೇನೆ, ಬಣ್ಣದ್ದು ಒಪ್ಪುವುದಿಲ್ಲ. ಪಶುವೈದ್ಯನಾಗಿ ಬಹಳ ವರ್ಷ ದನ ನೋಡಿದವನು ನಾನು. ಬಣ್ಣವನ್ನು ಕೊನೆಗೆ ನೋಡಬೇಕು. ಖಿಲಾರಿಯೂ ಬೂದು-ಬಿಳಿ, ಅಮೃತಮಹಲ್ ಕೂಡ ಬೂದು. ಬೀಜದ ಹೋರಿಗೆ ಕುತ್ತಿಗೆ, ಹೆಗಲು, ಹಿಂಭಾಗ ಕಪ್ಪಾಗಿರುತ್ತದೆ. ಅದನ್ನೇ ಸಣ್ಣದರಲ್ಲಿ ಬೀಜ ಒಡೆಸಿದ್ದರೆ ಅಷ್ಟು ಕಪ್ಪು ಬರುವುದಿಲ್ಲ. ಕಾಂಗೇಯಂ ಕರುವಂತೂ ಹುಟ್ಟುವಾಗ ಕೆಂಪು, ಆರು ತಿಂಗಳ ಹೊತ್ತಿಗೆ ಬೂದಿಗೆ ತಿರುಗುತ್ತದೆ.

ಪದಕ್ಕೆ ಹಿಣಿಲು ಅಂತಲೇ ಬರೆಯಿರಿ. ಭುಜ ಅಂದರೆ ಹೆಗಲ ಮೂಳೆಯ ಜಾಗಕ್ಕೂ ಅನ್ವಯಿಸಿ ಓದುಗರಿಗೆ ಗೊಂದಲ ಆಗುತ್ತದೆ. ಹಿಣಿಲು ಮಾಂಸದ್ದು, ಮೂಳೆಯದಲ್ಲ. ಅದಕ್ಕೇ ಬೀಜ ಒಡೆದ ಎತ್ತಿಗೆ ಚಿಕ್ಕದು, ಹೋರಿಗೆ ದೊಡ್ಡದು, ಹಸುವಿಗೆ ಇನ್ನೂ ಚಿಕ್ಕದು. ಹಾಗಾಗಿ ಫೋಟೋದಲ್ಲಿ ಹಿಣಿಲಿನ ಗಾತ್ರ ನೋಡಿ ತಳಿ ಹೇಳುವ ಮುನ್ನ ಅದು ಹೋರಿಯೋ ಎತ್ತೋ ತಿಳಿಯಬೇಕು.

ಈಗ ಎಡಗಡೆಯ ಎತ್ತನ್ನು ನೋಡಿ. ಕಿವಿ ಸಣ್ಣದು, ತುದಿ ಚೂಪು, ಪಕ್ಕಕ್ಕೆ ನಿಂತಿದೆ. ಇಷ್ಟಕ್ಕೇ ಗಿರ್ ಮತ್ತು ದೇವಣಿ ಹೊರಗಾದವು. ಅವುಗಳ ಕಿವಿ ಜೋಲು. ಕೊಂಬಿನ ಬುಡಗಳು ತಲೆಯ ಮೇಲೆ ಒಂದಕ್ಕೊಂದು ತೀರಾ ಹತ್ತಿರ ಇವೆ. ಕೊಂಬು ಅರ್ಧದವರೆಗೆ ಬಹುತೇಕ ನೇರವಾಗಿ ಹಿಂದಕ್ಕೆ ಹೋಗಿ, ಆಮೇಲೆ ಮೆಲ್ಲಗೆ ಬಾಗಿ ತುದಿ ಮುಂದಕ್ಕೆ ಬಂದಿದೆ. ಹಣೆಯ ನಡುವೆ ಉದ್ದಕ್ಕೆ ಗೀರಿನಂತಹ ತಗ್ಗು ಇದೆ. ಮುಖ ಉದ್ದ, ಕಿರಿದು. ಇದು ಹಳ್ಳಿಕಾರ್ ಕಡೆಯೇ ವಾಲುತ್ತದೆ.

ಬಲಗಡೆಯದರಿಂದ ಏನನ್ನೂ ತೀರ್ಮಾನಿಸಬೇಡಿ. ಎದುರಿನಿಂದ ತೆಗೆದರೆ ಹಿಂದಕ್ಕೆ ಹೋದ ಕೊಂಬು ನೆಟ್ಟಗೆ ಮೇಲೆ ನಿಂತಂತೆ ಕಾಣುತ್ತದೆ, ಹಿಣಿಲು ತಲೆಯ ಹಿಂದೆ ಮುಚ್ಚಿಹೋಗುತ್ತದೆ. ಇನ್ನೊಂದು ಪಕ್ಕದ ಫೋಟೋ ಇದೆಯಾ? ಜಾತ್ರೆಗೆ ತರುವ ಮುಂಚೆ ಕೊಂಬು ಹೆರೆದು ನಯ ಮಾಡುವವರೂ ಇದ್ದಾರೆ, ಬುಡದ ದಪ್ಪ ಅದರಿಂದ ಮೋಸ ಮಾಡಬಹುದು.
ಬಸವರಾಜು

ನಮಸ್ಕಾರ್ರಿ. ವಿಜಯಪುರದ ಕಡೆ ನಾವು ಇಣಿ ಅಂತೀವಿ. ಹಿಣಿಲಿಗೇ ಹತ್ತಿರದ ಪದ ಅನ್ನಿಸುತ್ತದೆ, ಬಲ್ಲವರು ಹೇಳಬೇಕು. ನಮ್ಮ ಮನೆಯ ಖಿಲಾರಿ ಜೋಡಿಗೆ ಕೊಂಬು ಹಣೆಯ ಓಟವನ್ನೇ ಹಿಡಿದು ಹಿಂದಕ್ಕೆ ಹೋಗಿ, ಆಮೇಲೆ ಬಿಲ್ಲಿನ ಹಾಗೆ ಮೇಲಕ್ಕೆ ಏಳುತ್ತದೆ. ಶಾಲಿನಿಯವರ ಫೋಟೋದಲ್ಲಿ ಆ ಬಿಲ್ಲು ಇಲ್ಲ. ಆದರೆ ಘಾಟಿಯಲ್ಲಿ ಸಿಕ್ಕಿತು ಅನ್ನುವುದನ್ನೇ ಆಧಾರ ಮಾಡಿಕೊಳ್ಳಬೇಡಿ, ಜಾತ್ರೆಯ ಎತ್ತು ಎಷ್ಟು ದೂರದಿಂದ ಬಂದಿರುತ್ತದೋ.
ಸುವರ್ಣಾ

ನನ್ನ ಹಸುವಿಗೂ ಸ್ವಲ್ಪ ಡುಬ್ಬ ಇದೆ, ಕಪ್ಪು-ಬಿಳಿ ಮಚ್ಚೆ. ದೇವಣಿ ಅಂತ ಮಾರಿದರು. ಹೌದಾ?
ಮಂಜುನಾಥ

ಮಂಜುನಾಥ್, ಕಿವಿ ನೋಡಿ ಮೊದಲು. ದೇವಣಿಗೆ ಕಿವಿ ಜೋಲಾಡುತ್ತದೆ. ಅಡ್ಡ ನಿಂತ ಕಿವಿ, ಸವೆದಂತಿರುವ ಹಿಣಿಲು, ಕಪ್ಪು-ಬಿಳಿ ಮಚ್ಚೆ ಇದ್ದರೆ ಎಚ್‌ಎಫ್ ಅನ್ನುವ ವಿದೇಶಿ ತಳಿಯ ಮಿಶ್ರ ಇರುವ ಸಾಧ್ಯತೆ ಜಾಸ್ತಿ. ಪಕ್ಕದಿಂದ ತೆಗೆದ ಫೋಟೋ ಕಳಿಸಿ.
ಬಸವರಾಜು

ಸರ್, ಧನ್ಯವಾದ. ಎಡಗಡೆಯದಕ್ಕೆ ಹಳ್ಳಿಕಾರ್ ಅಂತ ಬರೆಯಲು ಹೊರಟಿದ್ದೆ. ಅಮೃತಮಹಲ್ ಅಲ್ಲ ಅಂತ ಹೇಗೆ ಗೊತ್ತಾಗುತ್ತದೆ?
ಶಾಲಿನಿ

ಫೋಟೋದಿಂದ ಖಚಿತವಾಗಿ ಹೇಳಲಾಗುವುದಿಲ್ಲ, ಶಾಲಿನಿ. ಅಮೃತಮಹಲ್ ಅಂದರೆ ಮೈಸೂರು ಅರಸರ ದನಗಳ ಇಲಾಖೆಯಾಗಿದ್ದ ಬೆಣ್ಣೆ ಚಾವಡಿಯ ದನ, ಟಿಪ್ಪು ಕಾಲದಲ್ಲಿ ಈ ಹೆಸರು ಬಂತು. ಅದು ಬೆಳೆದದ್ದೇ ಹಳ್ಳಿಕಾರ್ ಮತ್ತು ಅದರ ನೆಂಟ ದನಗಳಿಂದ. ಕೊಂಬಿನ ಬುಡ ಎರಡಕ್ಕೂ ಹತ್ತಿರ ಹತ್ತಿರವೇ. ಸಾಕಿದವರು ಯಾರು, ದನ ಮೇಯುವ ಯಾವ ಕಾವಲಿನಿಂದ ಬಂತು ಅಂತ ಕೇಳಿದರೆ ಮಾತ್ರ ಗೊತ್ತಾಗುತ್ತದೆ. ‘ಹಳ್ಳಿಕಾರ್ ಮಾದರಿಯ ಎತ್ತು’ ಅಂತ ಬರೆದರೆ ತಪ್ಪಾಗದು.
ಬಸವರಾಜು

ಮಾದರಿ ಅನ್ನುವುದು ಬೇಡ ಅನ್ನಿಸುತ್ತದೆ, ಮಾರಾಟದ ಮಾತಿನ ಹಾಗಿದೆ. ‘ಹಳ್ಳಿಕಾರ್ ಲಕ್ಷಣದ’ ಅಂದರೆ? ಇಂಥ ಹಿಂದಕ್ಕೆ ಹೋಗಿ ಮುಂದಕ್ಕೆ ಬಾಗುವ ಕೊಂಬಿಗೆ ತುಮಕೂರು, ಮಂಡ್ಯದ ಕಡೆ ರೈತರು ಒಂದೇ ಪದದಲ್ಲಿ ಏನಂತಾರೆ? ನಮ್ಮಲ್ಲಿ ಒಂದು ಪದ ಇಲ್ಲ.
ಸುವರ್ಣಾ