ಗೋಡೆ ಕಡೆಯ ಅಂಚು ಯಾರಿಗೆ ಕಾಣುತ್ತೆ?

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಭಾನುವಾರ ಬೆಳಿಗ್ಗೆ ಶುರುವಾದ ಮಾತು ಊಟದ ಹೊತ್ತಿನವರೆಗೂ ನಡೆಯಿತು. ಅಕ್ಕನ ಮಗಳು ಪುಟ್ಟಿ ಹಾಸನದಲ್ಲಿ ಮೊದಲ ವರ್ಷದ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳ ಡ್ರಾಯಿಂಗ್ ಶೀಟಿನ ಫೋಟೋ ಹಾಕಿದವಳು ಅಕ್ಕ. ನಾನು ಡಿಪ್ಲೊಮಾ ಮುಗಿಸಿ ಇಲ್ಲೇ ಒಂದು ವರ್ಕ್‌ಶಾಪಿನಲ್ಲಿ ಹದಿನಾಲ್ಕು ವರ್ಷ ಡ್ರಾಫ್ಟಿಂಗ್ ಮಾಡಿದವಳು. ಅಣ್ಣ ಬೆಂಗಳೂರಿನಲ್ಲಿ ಅಮೆರಿಕದ ಕಂಪನಿಗಳಿಗೆ ಕ್ಯಾಡ್ ಡ್ರಾಯಿಂಗ್ ಮಾಡಿಕೊಡುವ ಆಫೀಸಿನಲ್ಲಿದ್ದಾನೆ. ಕಾಣುವ ಅಂಚಿನ ಗಟ್ಟಿ ಗೆರೆ, ಅಡಗಿದ ಅಂಚಿನ ಡ್ಯಾಶ್ ಗೆರೆ ಅದಲು ಬದಲಾಗುವ ಈ ತಪ್ಪನ್ನು ಬೇರೆ ಮಕ್ಕಳ ಶೀಟಿನಲ್ಲೂ ನೋಡಿದ್ದೇನೆ. ಅದಕ್ಕೇ ಮನೆಯವರನ್ನು ಕೇಳಿ ಆ ಮಾತುಕತೆಯನ್ನು ಇಲ್ಲಿ ಹಾಕುತ್ತಿದ್ದೇನೆ. ಅದರಲ್ಲಿ ಬರುವ ಎಚ್‌ಪಿ ಅಂದರೆ ನೆಲದ ಹಾಗೆ ಮಲಗಿದ ಸಮತಲ, ವಿಪಿ ಅಂದರೆ ಗೋಡೆಯ ಹಾಗೆ ನಿಂತ ಸಮತಲ.

ಅಕ್ಕ: ನೋಡ್ರಪ್ಪ ಇದನ್ನ. ರಾತ್ರಿ ಹನ್ನೆರಡರವರೆಗೆ ಕೂತು ಬರೆದಿದ್ದಾಳೆ. ಫ್ರಂಟ್ ವ್ಯೂ ಪೂರ್ತಿ ಕೆಂಪು ಪೆನ್ನಲ್ಲಿ ಸುತ್ತು ಹಾಕಿ ಕಳಿಸಿದ್ದಾರೆ. ಅಳತೆ ಎಲ್ಲಾ ಸರಿ ಇದೆಯಂತೆ, ಆದ್ರೂ ಮಾರ್ಕ್ಸ್ ಇಲ್ಲ.

ಅಣ್ಣ: ಪ್ರಶ್ನೆ ಏನು ಪುಟ್ಟಿ? ಟೈಪ್ ಮಾಡು.

ಪುಟ್ಟಿ: ತಳದ ಬದಿ 30 ಮಿಮೀ, ಎತ್ತರ 60 ಮಿಮೀ ಇರೋ ಪಂಚಭುಜದ ಪ್ರಿಸಂ ಎಚ್‌ಪಿ ಮೇಲೆ ತಳ ಊರಿ ನಿಂತಿದೆ. ತಳದ ಒಂದು ಬದಿ ವಿಪಿಗೆ ಸಮಾನಾಂತರ, ವಿಪಿಗೆ ಹತ್ತಿರ, 20 ಮಿಮೀ ದೂರದಲ್ಲಿದೆ. ಪ್ರೊಜೆಕ್ಷನ್ ಬರೆಯಿರಿ.

ಅಣ್ಣ: ಫೋಟೋ ದೊಡ್ಡದು ಮಾಡಿ ನೋಡ್ದೆ. ಕೆಳಗೆ ಟಾಪ್ ವ್ಯೂ, ಸರಿಯಾದ ಪಂಚಭುಜ. ಮೇಲೆ ಆಯತ, ಅಗಲ 48.5, ಎತ್ತರ 60. ಒಳಗೆ ಎರಡು ಗಟ್ಟಿ ಗೆರೆ, ನಡುವೆ ಒಂದು ಡ್ಯಾಶ್ ಗೆರೆ. ನನ್ನ ಪ್ರಕಾರ ಸರಿಯಾಗಿದೆ. ವಿಪಿಗೆ ಹತ್ತಿರ ಇರೋ ಮೈ ನೋಡೋನಿಗೆ ಎದುರಿಗೇ ಇರುತ್ತೆ. ಅದರ ಎರಡು ಅಂಚು ಗಟ್ಟಿ, ಹಿಂದಿನ ಮೂಲೆ ಹಿಡನ್. ಹೋಗಿ ಸರ್‌ನ ಕೇಳು, ಹೆದರಬೇಡ.

ಅಕ್ಕ: ನಾನೂ ಅದನ್ನೇ ಹೇಳ್ತಿದ್ದೆ. ಸೋಮವಾರ ಇವರಪ್ಪನ್ನೇ ಕಳಿಸ್ತೀನಿ.

ಭಾವ: ನನ್ನನ್ನ ಯಾಕೆ ಎಳೀತೀಯಾ, ಸಕಲೇಶಪುರದಿಂದ ಬರೋಕೆ ಆಗಲ್ಲ, ತೋಟದಲ್ಲಿ ಆಳು ಬಂದಿದ್ದಾರೆ.

ನಾನು: ಯಾರೂ ಹೋಗೋದು ಬೇಡ. ಅಣ್ಣ, ಸುತ್ತು ಹಾಕಿದ್ದು ಸರಿ ಇದೆ. ಗೆರೆಗಳು ಅದಲು ಬದಲಾಗಿವೆ. ನಡುವಿನದು ಗಟ್ಟಿ ಆಗಬೇಕು, ಎರಡು ಪಕ್ಕದವು ಡ್ಯಾಶ್ ಆಗಬೇಕು.

ಅಣ್ಣ: ಹೇಗೆ ಸಾಧ್ಯ? ನಾನು ದಿನಾ ಇದನ್ನೇ ಮಾಡ್ತೀನಿ ಕಣೇ.

ನಾನು: ನೀನು ದಿನಾ ಮಾಡೋದು ಥರ್ಡ್ ಆಂಗಲ್ ಪದ್ಧತಿ, ಅದರಲ್ಲಿ ವಿಪಿ ವಸ್ತುವಿನ ಮುಂದೆ. ಪುಟ್ಟಿ ಶೀಟು ಫಸ್ಟ್ ಆಂಗಲ್, ಅದರಲ್ಲಿ ವಿಪಿ ವಸ್ತುವಿನ ಹಿಂದೆ. ಪುಟ್ಟಿ, ನೀನು ಹೇಗೆ ತೀರ್ಮಾನ ಮಾಡ್ದೆ ಹೇಳು, ಮಾವ ಹೇಳಿದ್ದು ಬಿಡು.

ಪುಟ್ಟಿ: ಫ್ರಂಟ್ ವ್ಯೂ ಮೇಲಿದೆ, ಟಾಪ್ ವ್ಯೂ ಕೆಳಗಿದೆ ಚಿಕ್ಕಮ್ಮ. ಆ ಬದಿ ಎರಡು ವ್ಯೂ ನಡುವಿನ ಎಕ್ಸ್‌ವೈ ಗೆರೆಗೆ ಹತ್ತಿರ ಇದೆ. ಅಂದ್ರೆ ಫ್ರಂಟ್ ವ್ಯೂಗೂ ಹತ್ತಿರ. ಹಾಗಾಗಿ ಅದೇ ಫ್ರಂಟ್ ಅಂದ್ಕೊಂಡೆ.

ಇಲ್ಲೇ ಇತ್ತು ತಪ್ಪಿನ ಬೇರು. ಕಾಗದದ ಮೇಲೆ ಫ್ರಂಟ್ ವ್ಯೂಗೆ ಹತ್ತಿರ ಇರುವುದನ್ನು ನೋಡುವವನಿಗೆ ಹತ್ತಿರ ಅಂದುಕೊಂಡಿದ್ದಾಳೆ. ಅದನ್ನು ಟೈಪ್ ಮಾಡಿ ಬಿಡಿಸುವುದು ಕಷ್ಟ ಅಂತ ಒಂದು ವಾಯ್ಸ್ ಮೆಸೇಜ್ ಕಳಿಸಿದೆ. ಅದರಲ್ಲಿ ಹೇಳಿದ್ದು ಇಷ್ಟು.

ನಾನು (ವಾಯ್ಸ್): ಪುಟ್ಟಿ, ಒಂದು ಹಳೇ ಪೇಪರ್ ತಗೋ. ಅಡ್ಡಕ್ಕೆ ಮಡಚು. ಮೇಲಿನ ಅರ್ಧ ಗೋಡೆಗೆ ಒರಗಿಸು, ಕೆಳಗಿನ ಅರ್ಧ ಟೇಬಲ್ ಮೇಲೆ ಹಾಸು. ಗೋಡೆಯದು ವಿಪಿ, ಟೇಬಲ್‌ನದು ಎಚ್‌ಪಿ, ಮಡಿಕೆ ಎಕ್ಸ್‌ವೈ. ವಸ್ತು ಟೇಬಲ್ ಮೇಲಿದೆ, ನೀನು ಅದರ ಈಚೆ ಕೂತಿದ್ದೀಯ, ಗೋಡೆ ಅದರ ಆಚೆ ಇದೆ. ಮೇಲಿಂದ ನೋಡಿ ಟೇಬಲ್ ಪೇಪರ್ ಮೇಲೆ ತಳದ ಗುರುತು ಹಾಕು. ಈಗ ವಸ್ತು ತೆಗೆದು, ಟೇಬಲ್ ಮೇಲಿನ ಅರ್ಧವನ್ನ ಮಡಿಕೆ ಹಿಡಿದು ಕೆಳಕ್ಕೆ ತಿರುಗಿಸು, ಎರಡೂ ಅರ್ಧ ಒಂದೇ ಮಟ್ಟಕ್ಕೆ ಬರೋ ಹಾಗೆ. ನಿನ್ನ ಹೊಟ್ಟೆ ಹತ್ತಿರ ಇದ್ದ ಭಾಗ ಎಲ್ಲಿಗೆ ಹೋಯ್ತು? ಮಡಿಕೆಯಿಂದ ಅತಿ ದೂರಕ್ಕೆ, ಕೆಳಕ್ಕೆ. ಗೋಡೆ ಹತ್ತಿರ ಇದ್ದದ್ದು ಮಡಿಕೆ ಪಕ್ಕದಲ್ಲೇ ಉಳೀತು. ಅಂದ್ರೆ ಫಸ್ಟ್ ಆಂಗಲ್ ಟಾಪ್ ವ್ಯೂನಲ್ಲಿ ಎಕ್ಸ್‌ವೈಗೆ ಹತ್ತಿರ ಇರೋದೆಲ್ಲ ಹಿಂದೆ. ನೋಡೋನ ಹತ್ತಿರ ಇರೋದು ಕೆಳಗಿನ ತುದಿ.

ಅಮ್ಮ: ನನಗೆ ನಿಮ್ಮ ಎಕ್ಸು ವೈಯಿ ಗೊತ್ತಾಗಲ್ಲ. ಬೀರುನ ಗೋಡೆ ಕಡೆ ಇಟ್ರೆ ಗೋಡೆ ಕಡೆ ಮೈ ಯಾರಿಗೆ ಕಾಣುತ್ತೆ?

ನಾನು: ಯಾರಿಗೂ ಕಾಣಲ್ಲ ಅಮ್ಮ. ಪ್ರಶ್ನೆ ಇರೋದೇ ಅಷ್ಟು.

ಅಮ್ಮ ಅಲ್ಲಿಗೆ ನಿಲ್ಲಿಸಲಿಲ್ಲ. ಹುಳಿಗೆ ಹೆಚ್ಚಲು ಇಟ್ಟಿದ್ದ ದೊಡ್ಡ ಆಲೂಗೆಡ್ಡೆ ತೆಗೆದುಕೊಂಡು ಐದು ಮುಖ ಬರುವ ಹಾಗೆ ಕೆತ್ತಿ, ಅಡುಗೆಮನೆ ಗೋಡೆಯಿಂದ ಒಂದು ಬೆರಳಗಲ ಬಿಟ್ಟು ನಿಲ್ಲಿಸಿ ಫೋಟೋ ಹಾಕಿದರು. 20 ಮಿಮೀಗೆ ಅದು ಸರಿಸುಮಾರು ಹೊಂದುತ್ತದೆ. ಒಂದು ಚಪ್ಪಟೆ ಮೈ ಗೋಡೆ ಕಡೆ, ಒಂದು ಮೂಲೆ ನಮ್ಮ ಕಡೆ. ಫೋಟೋದಲ್ಲಿ ನಡುವೆ ಒಂದೇ ಒಂದು ಅಂಚು ನೆಟ್ಟಗೆ ಕಾಣುತ್ತಿತ್ತು.

ಪುಟ್ಟಿ: ಅಯ್ಯೋ. ಹಿಂದಿನ ಎರಡು ಅಂಚು ಕಾಣಲ್ಲ!

ಅಣ್ಣ: ಅಮ್ಮ ಇಟ್ಟ ಹಾಗೆ ಇಟ್ರೆ ಸರಿ. ಆದ್ರೆ ಅಮ್ಮ ಗೋಡೆನ ಹಿಂದೆ ಇಟ್ಟಿದ್ದಾರೆ. ನನ್ನ ಲೆಕ್ಕದಲ್ಲಿ ವಿಪಿ ಗಾಜಿನ ಹಾಗೆ, ನನಗೂ ವಸ್ತುವಿಗೂ ನಡುವೆ. ಗಾಜಿಗೆ ಹತ್ತಿರ ಇರೋ ಮೈ ನನಗೆ ಕಾಣಲೇಬೇಕು. "ವಿಪಿಗೆ ಹತ್ತಿರ" ಅನ್ನೋ ಮಾತು ನನಗೂ ಹೊಂದುತ್ತಲ್ಲ?

ನಾನು: ಹೊಂದುತ್ತೆ ಅಣ್ಣ, ಅದು ನಿಜ. ಅದೇ ಮಾತಿಗೆ ಥರ್ಡ್ ಆಂಗಲ್‌ನಲ್ಲಿ ಪುಟ್ಟಿ ಬರೆದ ಗೆರೆಗಳೇ ಬರುತ್ತವೆ. ಹಾಗಾಗಿ ನೀನು ತಪ್ಪು ಅಂತ ನಾನು ಹೇಳ್ತಿಲ್ಲ. ಆದ್ರೆ ನಿನ್ನ ಆಫೀಸಿನ ಶೀಟಲ್ಲಿ ಟಾಪ್ ವ್ಯೂ ಎಲ್ಲಿರುತ್ತೆ?

ಅಣ್ಣ: ಫ್ರಂಟ್ ವ್ಯೂ ಮೇಲೆ.

ನಾನು: ಪುಟ್ಟಿ ಶೀಟಲ್ಲಿ ಕೆಳಗಿದೆ. ವ್ಯೂಗಳನ್ನ ಫಸ್ಟ್ ಆಂಗಲ್‌ನಲ್ಲಿ ಜೋಡಿಸಿ, ಹಿಡನ್ ಲೈನ್‌ನ ಥರ್ಡ್ ಆಂಗಲ್‌ನಲ್ಲಿ ಯೋಚಿಸಿದ ಹಾಗಾಯ್ತು. ಎರಡು ವ್ಯೂ ಒಂದೇ ವಸ್ತುವಿನದು ಆಗಲ್ಲ. ಇನ್ನೊಂದು, ಪ್ರಶ್ನೆ ಮತ್ತೆ ಓದು. "ಎಚ್‌ಪಿ ಮೇಲೆ ನಿಂತಿದೆ". ಥರ್ಡ್ ಆಂಗಲ್‌ನಲ್ಲಿ ವಸ್ತು ಎಚ್‌ಪಿಯ ಕೆಳಗೆ, ವಿಪಿಯ ಹಿಂದೆ ಇರುತ್ತೆ. ಎಚ್‌ಪಿ ತಲೆ ಮೇಲಿದ್ರೆ ಅದರ ಮೇಲೆ ತಳ ಊರಿ ನಿಲ್ಲೋದು ಹೇಗೆ?

ಇದಕ್ಕೆ ಅಣ್ಣ ಹತ್ತು ನಿಮಿಷ ಏನೂ ಬರೆಯಲಿಲ್ಲ. ಅವನು ಒಪ್ಪದೆ ಸುಮ್ಮನಾಗುವವನಲ್ಲ, ಯೋಚಿಸುತ್ತಿದ್ದಾನೆ ಅಂತ ನನಗೆ ಗೊತ್ತಿತ್ತು.

ಅಣ್ಣ: ಆ ಮಾತು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಸರಿ, ಒಪ್ಪಿದೆ. ಪುಟ್ಟಿ, ನಾನು ಹೇಳಿದ್ದು ನಿನ್ನ ಶೀಟಿಗೆ ತಪ್ಪು. ಕ್ಯಾಡ್‌ನಲ್ಲಿ ಮಾಡೆಲ್ ಮಾಡಿ ವ್ಯೂ ಎಳೆದ್ರೆ ಹಿಡನ್ ಲೈನ್ ತಾನಾಗೇ ಬರುತ್ತೆ, ಎಷ್ಟೋ ವರ್ಷದಿಂದ ನಾನು ಅದನ್ನ ಯೋಚನೆ ಮಾಡಿಯೇ ಇಲ್ಲ.

ಅಕ್ಕ: ಹಾಗಾದ್ರೆ ಟಾಪ್ ವ್ಯೂನೇ ತಿರುಗಿಸಿ ಬರೆದ್ರೆ ಆಗಲ್ವಾ? ಮೇಲಿನದು ಉಳಿಯುತ್ತಲ್ಲ.

ನಾನು: ಉಳಿಯುತ್ತೆ ಅಕ್ಕ, ಆದ್ರೆ ಆಗ ಅದು ಬೇರೆ ಪ್ರಶ್ನೆಯ ಉತ್ತರ. ಬದಿ ವಿಪಿಯಿಂದ ದೂರ ಇದೆ ಅಂದಿದ್ರೆ ಅವಳ ಫ್ರಂಟ್ ವ್ಯೂ ಪೂರ್ತಿ ಸರಿ. ಇಲ್ಲಿ ಹತ್ತಿರ ಅಂತ ಕೊಟ್ಟಿದ್ದಾರೆ, ಅವಳ ಟಾಪ್ ವ್ಯೂ ಸರಿ ಇದೆ. ಫ್ರಂಟ್ ವ್ಯೂನೇ ತಿದ್ದಬೇಕು.

ಪುಟ್ಟಿ: ನಡುವೆ ಗಟ್ಟಿ ಗೆರೆ, ಅದರಿಂದ ಆಚೆ ಈಚೆ 15 ಮಿಮೀಗೆ ಡ್ಯಾಶ್. ನಡುವೆ ಆಕ್ಸಿಸ್ ಗೆರೆನೂ ಬರಬೇಕಲ್ಲ ಚಿಕ್ಕಮ್ಮ, ಎರಡೂ ಒಂದೇ ಜಾಗ.

ನಾನು: ಕಾಣೋ ಅಂಚಿಗೆ ಮೊದಲ ಹಕ್ಕು, ಆಮೇಲೆ ಹಿಡನ್, ಕೊನೆಗೆ ಆಕ್ಸಿಸ್. ಆಯತದೊಳಗೆ ಗಟ್ಟಿ ಗೆರೆ ಒಂದೇ ಸಾಕು. ಆಕ್ಸಿಸ್ ಅನ್ನೋದು ಮೇಲೂ ಕೆಳಗೂ ಸ್ವಲ್ಪ ಹೊರಗೆ ಚಾಚಿರಲಿ.

ನಾನು: ಇನ್ನೊಂದು ಕಂಡಿತು. ನೀನು ಡ್ಯಾಶ್ ಶುರು ಮಾಡುವಾಗ ತಳದ ಗೆರೆಯಿಂದ ಬಿಡುವು ಕೊಟ್ಟು ಶುರು ಮಾಡಿದ್ದೀಯ. ಅಂಚು ತಳಕ್ಕೆ ಅಂಟಿಕೊಂಡೇ ಇದೆಯಲ್ಲ, ಹಾಗಾಗಿ ಮೊದಲ ತುಂಡು ಗೆರೆಗೆ ತಾಗಬೇಕು, ಮೇಲಿನ ಕೊನೆಯದೂ ತಾಗಬೇಕು. ತುಂಡು 3 ಮಿಮೀ, ಬಿಡುವು 1 ಮಿಮೀ ಇಟ್ಕೋ. 60 ಮಿಮೀಗೆ 15 ತುಂಡು, 14 ಬಿಡುವು, ಒಟ್ಟು 59. ಉಳಿದ 1 ಮಿಮೀನ ಒಂದೆರಡು ತುಂಡಿಗೆ ಹಂಚು, ಕಣ್ಣಿಗೆ ಗೊತ್ತಾಗಲ್ಲ. ಎಚ್ ಪೆನ್ಸಿಲ್‌ನಲ್ಲಿ ತೆಳ್ಳಗೆ ಹಾಕು, ಕಾಣೋ ಅಂಚುಗಳಿಗೆ ಮಾತ್ರ ಎಚ್‌ಬಿ.

ಪುಟ್ಟಿ: ಎಡಗಡೆಯಿಂದ ನೋಡಿದ ಸೈಡ್ ವ್ಯೂನೂ ಹಾಕ್ಲಾ? ಅದರಲ್ಲಿ ಡ್ಯಾಶ್ ಎಲ್ಲಿ ಬರುತ್ತೆ ಅಂತ ತಿಳಿಯಲಿಲ್ಲ.

ಅಣ್ಣ: ಇದು ನಾನು ಹೇಳ್ತೀನಿ ಬಿಡು. ಎಡದಿಂದ ನೋಡಿದ್ದನ್ನ ನೀನು ಫ್ರಂಟ್ ವ್ಯೂನ ಬಲಕ್ಕೆ ಹಾಕಬೇಕು. ಅಗಲ 46.2 ಬರುತ್ತೆ. ಫ್ರಂಟ್ ವ್ಯೂ ಕಡೆಯ ಅಂಚು ವಿಪಿ ಹತ್ತಿರದ್ದು, ಅಲ್ಲಿಂದ 28.5ಕ್ಕೆ ಎಡ ಮೂಲೆಯ ಗಟ್ಟಿ ಗೆರೆ. ಬಲ ಮೂಲೆಯ ಅಂಚು ಅದರ ನೇರ ಹಿಂದೆ ಅಡಗಿದೆ, ಆದ್ರೆ ಅದೇ ಜಾಗದಲ್ಲಿ ಗಟ್ಟಿ ಗೆರೆ ಇರೋದ್ರಿಂದ ಡ್ಯಾಶ್ ಬರೆಯೋ ಹಾಗಿಲ್ಲ. ಹಿಂದಿನ ಎರಡು ಅಂಚೂ ಒಂದರ ಮೇಲೊಂದು. ಒಟ್ಟು ಮೂರೇ ಗೆರೆ, ಡ್ಯಾಶ್ ಒಂದೂ ಇಲ್ಲ.

ನಾನು: ಸರಿಯಾಗಿ ಹೇಳ್ದೆ ಅಣ್ಣ. ಟಾಪ್ ವ್ಯೂನಲ್ಲಿ ಡ್ಯಾಶ್ ಇಲ್ಲದಿರೋದೂ ಇದೇ ಕಾರಣಕ್ಕೆ. ಕೆಳಗಿನ ಪಂಚಭುಜ ಮೇಲಿನದರ ನೇರ ಅಡಿಗಿದೆ.

ಒಂದೂವರೆ ಗಂಟೆಗೆ ಪುಟ್ಟಿ ಹೊಸ ಶೀಟಿನ ಫೋಟೋ ಹಾಕಿದಳು. ಮೂರೂ ವ್ಯೂ ಒಂದಕ್ಕೊಂದು ಒಪ್ಪುತ್ತಿದ್ದವು, ಡ್ಯಾಶ್‌ಗಳು ಎರಡೂ ತುದಿಗೆ ತಾಗಿದ್ದವು. ಅಮ್ಮನ ಆಲೂಗೆಡ್ಡೆಯನ್ನು ಪಕ್ಕದಲ್ಲೇ ಇಟ್ಟುಕೊಂಡು ಬರೆದಿದ್ದಳು.

ಅಣ್ಣ: ಮೂಲೆಯಲ್ಲಿ ಫಸ್ಟ್ ಆಂಗಲೋ ಥರ್ಡ್ ಆಂಗಲೋ ಅಂತ ತಿಳಿಸೋ ಪ್ರೊಜೆಕ್ಷನ್ ಗುರುತು ಹಾಕಿಲ್ಲ ನೀನು. ತುದಿ ಕತ್ತರಿಸಿದ ಕೋನ್‌ನ ಚಿತ್ರ. ಅದು ಮೊದಲೇ ಇದ್ದಿದ್ರೆ ನಾನು ಬೆಳಿಗ್ಗೆ ಹಾಗೆ ಹೇಳ್ತಿರಲಿಲ್ಲ.

ಪುಟ್ಟಿ: ಅದರಲ್ಲಿ ಎರಡು ವೃತ್ತನೂ ಗಟ್ಟಿನಾ ಮಾವ?

ಅಣ್ಣ: ಕೋನ್‌ನ ಸಣ್ಣ ತುದಿ ಎಡಕ್ಕೆ ಇರಲಿ. ಎಡದಿಂದ ನೋಡಿದ್ರೆ ಸಣ್ಣ ತುದಿ ಮುಂದೆ, ದೊಡ್ಡದು ಅದರ ಹಿಂದೆ ಸುತ್ತ ಕಾಣುತ್ತೆ, ಹಾಗಾಗಿ ಎರಡೂ ಗಟ್ಟಿ. ನಮ್ಮ ಆಫೀಸಿನ ಶೀಟಲ್ಲಿ ವೃತ್ತಗಳು ಎಡಕ್ಕೆ ಬರುತ್ತವೆ. ನೀನು ಎಲ್ಲಿ ಹಾಕ್ತೀಯ?

ಪುಟ್ಟಿ: ಬಲಕ್ಕೆ.