ಪದಚರ್ಚೆ: ಲಸಿಕೆ ದೇಹಕ್ಕೆ ಕೊಡುವುದು ‘ತರಬೇತಿ’ಯೋ ‘ತಾಲೀಮೋ’?

ಕಲಬುರಗಿಯಿಂದ:
ಎಲ್ಲರಿಗೂ ನಮಸ್ಕಾರ. ಆಶಾ ಕಾರ್ಯಕರ್ತೆಯರು ತಾಯಂದಿರಿಗೆ ಫೋನಿನಲ್ಲೇ ತೋರಿಸುವಂಥ ಎರಡು ನಿಮಿಷದ ವಿಡಿಯೊಗೆ ಮಾತು ಬರೆಯುತ್ತಿದ್ದೇನೆ. 6, 10, 14ನೇ ವಾರಕ್ಕೆ ಹಾಕುವ, ಐದು ರೋಗಗಳಿಗೆ ಒಂದೇ ಸೂಜಿಯಾದ ಪೆಂಟಾ ಲಸಿಕೆಯ ಬಗ್ಗೆ. ಅದರಲ್ಲೂ ಧನುರ್ವಾಯು ಒಂದನ್ನೇ ಹಿಡಿದುಕೊಂಡಿದ್ದೇನೆ. ಸದ್ಯಕ್ಕೆ ಹೀಗಿದೆ:

“ಲಸಿಕೆಯಲ್ಲಿ ಸತ್ತ ರೋಗಾಣು ಇರುತ್ತದೆ. ಅದನ್ನು ನೋಡಿ ತರಬೇತಿ ಪಡೆದ ಪ್ರತಿಕಾಯಗಳೆಂಬ ಸೈನಿಕರು ರೋಗವನ್ನು ಕೊಲ್ಲುತ್ತಾರೆ.”

‘ತರಬೇತಿ’ ಅಂದರೆ ನಮ್ಮ ಕಡೆ ತಾಲ್ಲೂಕು ಪಂಚಾಯ್ತಿ ಸಭಾಂಗಣ, ಚಹಾ-ಬಿಸ್ಕೀಟು ನೆನಪಾಗುತ್ತದೆ. ‘ತಾಲೀಮು’ ಅಂದರೆ ನಡೆಯುತ್ತದಾ? ‘ಪ್ರತಿಕಾಯ’ಕ್ಕೆ ಬೇರೆ ಪದ ಇದೆಯಾ?

ಯಾದಗಿರಿಯಿಂದ:
ತಾಲೀಮು ಚೆನ್ನಾಗಿದೆ ಸರ್, ಕುಸ್ತಿ ನೋಡಿದವರಿಗೆಲ್ಲ ಗೊತ್ತು. ಲಸಿಕೆ ಅಂದರೆ ರೋಗವನ್ನೇ ಸ್ವಲ್ಪ ಕೊಡುವುದು ಅಲ್ವಾ? ದಡಾರ ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ, ದೇಹ ಮರೆಯುವುದಿಲ್ಲ. ಅದನ್ನೇ ಬರೆಯಿರಿ. ಸೂಜಿಯ ನಂತರ ಜ್ವರ ಬಂದರೆ ಹಿಡಿಯಿತು ಅಂತ ಅರ್ಥ, ಬರದಿದ್ದರೆ ಹಿಡಿಯಲಿಲ್ಲ. ಅದನ್ನೂ ಸೇರಿಸಿ.

ಬೀದರ್‌ನಿಂದ:
ದಡಾರದ ಮಾತು ಸರಿ. ಆದರೆ ಧನುರ್ವಾಯುಗೆ ಅದು ನಡೆಯುವುದಿಲ್ಲ. ಆ ರೋಗಾಣು ಗಾಯದಲ್ಲೇ ಕೂತು ವಿಷ ಬಿಡುತ್ತದೆ. ಕಾಯಿಲೆ ತರುವುದು ಆ ವಿಷ. ಅದು ಎಷ್ಟು ಜೋರಿನದು ಅಂದರೆ, ಜೀವ ತೆಗೆಯುವಷ್ಟು ವಿಷವೂ ದೇಹಕ್ಕೆ ಗುರುತು ಸಿಗುವಷ್ಟು ಇರುವುದಿಲ್ಲ. ಹಾಗಾಗಿ ಧನುರ್ವಾಯುವಿನಿಂದ ಬದುಕಿ ಬಂದವರಿಗೂ ಲಸಿಕೆ ಹಾಕಲೇಬೇಕು. ಇಲ್ಲಿ ರೋಗ ಕಲಿಸದ್ದನ್ನು ಲಸಿಕೆ ಕಲಿಸುತ್ತದೆ. ನಿಮ್ಮ ವಿಡಿಯೊದಲ್ಲಿ ಇದು ಬರಲೇಬೇಕು.

ಹೇಗೆ ಅಂದರೆ, ಆ ವಿಷವನ್ನು ಫಾರ್ಮಲಿನ್‌ನಿಂದ ನಿರುಪದ್ರವಿ ಮಾಡುತ್ತಾರೆ. ತೊಂದರೆ ಕೊಡುವ ಗುಣ ಹೋಗುತ್ತದೆ, ಆಕಾರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಆದ್ದರಿಂದ ‘ಸತ್ತ ರೋಗಾಣು’ ಅನ್ನಬೇಡಿ. ಅದೇ ಸೀಸೆಯಲ್ಲಿರುವ ನಾಯಿಕೆಮ್ಮಿನ ಭಾಗಕ್ಕೆ ಆ ಮಾತು ಸರಿ, ಧನುರ್ವಾಯುಗೆ ಅಲ್ಲ. ‘ಹಲ್ಲು ಕಿತ್ತ ವಿಷ’ ಅನ್ನಿ. ಜ್ವರ ಜಾಸ್ತಿ ಬರುವುದೂ ಆ ನಾಯಿಕೆಮ್ಮಿನ ಭಾಗದಿಂದಲೇ. ಜ್ವರ ಬರದ ಮಗುವಿಗೂ ಲಸಿಕೆ ಹಿಡಿದಿರುತ್ತದೆ. ಇದನ್ನು ಹೇಳದಿದ್ದರೆ ಜ್ವರ ಬರಲಿಲ್ಲ ಅಂತ ತಾಯಂದಿರು ಸುಮ್ನೆ ಹೆದರುತ್ತಾರೆ.

ತಾಲೀಮು ನನಗೂ ಒಪ್ಪಿಗೆ. ಜೊತೆಗಾರ ಪಟ್ಟು ಹಾಕುತ್ತಾನೆ, ಕೈ ಮುರಿಯುವುದಿಲ್ಲ. ಆದರೆ ತಾಲೀಮು ಮಾಡುವುದು ಪ್ರತಿಕಾಯ ಅಲ್ಲ, ಅದನ್ನು ತಯಾರಿಸುವ ಬಿಳಿ ರಕ್ತಕಣ. ಲಕ್ಷಾಂತರ ಬಗೆಯ ಕಣಗಳಲ್ಲಿ ಯಾವುದಕ್ಕೆ ಆ ವಿಷದ ಆಕಾರ ಹೊಂದುತ್ತದೋ ಅದು ಮಾತ್ರ ಬೆಳೆದು ಹೆಚ್ಚುತ್ತದೆ. ಮೊದಲ ಸೂಜಿಗೆ ಇದೆಲ್ಲ ನಡೆಯಲು ಒಂದೆರಡು ವಾರ ಬೇಕು. ಎಳೆಗೂಸಿನಲ್ಲಿ ಪ್ರತಿಕಾಯ ಸ್ವಲ್ಪವೇ ಹುಟ್ಟುತ್ತದೆ. ಒಂದಷ್ಟು ಕಣಗಳು ಮಾತ್ರ ಗುರುತು ಇಟ್ಟುಕೊಂಡು ಉಳಿಯುತ್ತವೆ. ಮುಂದಿನ ಸೂಜಿ ಬಿದ್ದಾಗ ಇವೇ ಎದ್ದು ಕೆಲವೇ ದಿನಗಳಲ್ಲಿ ಹೆಚ್ಚು ಪ್ರತಿಕಾಯ ಮಾಡುತ್ತವೆ. ನಡುವೆ ಕನಿಷ್ಠ ನಾಲ್ಕು ವಾರ ಬಿಡುವುದು ಇದಕ್ಕೇ.

ಇನ್ನು ‘ಕೊಲ್ಲುತ್ತಾರೆ’ ತೆಗೆಯಿರಿ. ಪ್ರತಿಕಾಯ ವಿಷಕ್ಕೆ ಅಂಟಿಕೊಂಡು, ಅದು ನರಕ್ಕೆ ತಗಲದಂತೆ ತಡೆಯುತ್ತದೆ, ಅಷ್ಟೇ. ಅದಕ್ಕೇ ‘ತಡೆಕಣ’ ಅನ್ನೋಣ ಅನ್ನಿಸುತ್ತದೆ.

ಸೇಡಂನಿಂದ:
ಅಕ್ಕಾ, ನನ್ನ ಮಗಳಿಗೆ ಒಂದೇ ಪೆಂಟಾ ಆಗಿದೆ. ಎರಡನೆಯದಕ್ಕೆ ಊರಲ್ಲಿ ಇರಲಿಲ್ಲ, ಈಗ ಆರು ತಿಂಗಳು. ಮೊದಲಿನಿಂದ ಶುರು ಮಾಡಬೇಕಾ?

ಬೀದರ್‌ನಿಂದ:
ಬೇಡ ತಾಯಿ. ಗುರುತು ಇಟ್ಟ ಕಣಗಳು ತಡವಾದರೆ ಮಾಯವಾಗುವುದಿಲ್ಲ. ಎರಡನೆಯದರಿಂದಲೇ ಮುಂದುವರಿಸುತ್ತಾರೆ. ಆದರೆ ಅಲ್ಲಿಯವರೆಗೆ ಮಗುವಿಗೆ ರಕ್ಷಣೆ ಕಮ್ಮಿ. ತಾಯಿ ಕಾರ್ಡ್ ಹಿಡಿದುಕೊಂಡು ಬರುವ ಲಸಿಕಾ ದಿನವೇ ಹೋಗಿ.

ಯಾದಗಿರಿಯಿಂದ:
ಜ್ವರದ್ದು ಒಪ್ಪಿದೆ. ಆದರೆ ‘ತಡೆಕಣ’ ಅಂದರೆ ಬಿಳಿ ರಕ್ತಕಣದ ಜೊತೆ ಕಲಸಿಹೋಗುತ್ತದೆ. ಎರಡಕ್ಕೂ ‘ಕಣ’ ಅಂದರೆ ಯಾವುದು ಯಾವುದು? ಸೈನಿಕ ಅಂದರೆ ಹಳ್ಳಿಯಲ್ಲಿ ಥಟ್ ಅಂತ ಹೊಳೆಯುತ್ತದೆ.

ಕಲಬುರಗಿಯಿಂದ:
ಆ ತಕರಾರು ನಿಜ. ತಿದ್ದಿದ್ದು ಇದು:

“ಧನುರ್ವಾಯು ಬಂದು ಹೋದರೂ ದೇಹಕ್ಕೆ ಅದರ ಗುರುತು ಸಿಗುವುದಿಲ್ಲ. ಲಸಿಕೆ ಆ ಗುರುತು ಕೊಡುತ್ತದೆ. ಹಲ್ಲು ಕಿತ್ತ ವಿಷದ ಎದುರು ರಕ್ತದ ಕಣಗಳು ತಾಲೀಮು ಮಾಡುತ್ತವೆ. ಮೊದಲ ಸೂಜಿಗೆ ಗುರುತು, ಎರಡನೆಯದಕ್ಕೆ ಬಲ, ಮೂರನೆಯದಕ್ಕೆ ಇನ್ನಷ್ಟು ಬಲ. ಮುಂದೆ ನಿಜವಾದ ವಿಷ ಬಂದರೆ, ಅದು ನರ ಮುಟ್ಟುವ ಮೊದಲೇ ____ ಅದಕ್ಕೆ ಅಂಟಿಕೊಳ್ಳುತ್ತವೆ.”

ಒಂದೂವರೆ ವರ್ಷ ಮತ್ತು ಐದು ವರ್ಷದ ಬೂಸ್ಟರ್ ಕೊನೆಗೆ ಒಂದು ಸಾಲಿನಲ್ಲಿ ಬರುತ್ತದೆ. ಖಾಲಿ ಜಾಗಕ್ಕೆ ಪದ ಬೇಕು. ಚಿತ್ರ ಬರೆಯುವ ಹುಡುಗ ಆಗಲೇ ಕತ್ತಿ ಹಿಡಿದ ಸೈನಿಕರನ್ನು ಬರೆದಿಟ್ಟಿದ್ದಾನೆ. ಕತ್ತಿ ತೆಗೆದು ಕೈಗೆ ಗೋಂದು ಕೊಡು ಅಂದೆ, ನಕ್ಕ.

ಬೀದರ್‌ನಿಂದ:
‘ಅಂಟುಕಾವಲು’?

ಯಾದಗಿರಿಯಿಂದ:
ಅಂಟು ಅಂದರೆ ಅಂಟುರೋಗ ನೆನಪಾಗುತ್ತದೆ ಅಕ್ಕಾ, ಬೇಡ.